ಸಿಂಕ್ ಬೇರೆ, ಬ್ಯಾಕಪ್ ಬೇರೆ: ಒಂದು ಕಡೆ ಅಳಿಸಿದ ಫೈಲು ಎಲ್ಲ ಕಡೆಯೂ ಹೋಗುವುದೇಕೆ?

ಪ್ರಶ್ನೆ: ನಾನು ಶಿರಸಿ ಸಮೀಪದ ಊರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಜಮೀನಿನ ಪಹಣಿ, ಕ್ರಯಪತ್ರಗಳ ಸ್ಕ್ಯಾನ್, ಮನೆಯ ಹಳೆಯ ಫೋಟೊಗಳು, ತಂದೆಯವರ ತಾಳಮದ್ದಳೆಯ ಧ್ವನಿಮುದ್ರಣ ಇವೆಲ್ಲ ಸೇರಿ ಸುಮಾರು 38 ಜಿಬಿಯ ಒಂದು ಫೋಲ್ಡರನ್ನು ಕ್ಲೌಡ್‌ಗೆ ಹಾಕಿದ್ದೆ. ಅದು ನನ್ನ ಲ್ಯಾಪ್‌ಟಾಪ್, ನನ್ನ ಫೋನ್, ಪುಣೆಯಲ್ಲಿರುವ ಮಗನ ಲ್ಯಾಪ್‌ಟಾಪ್ ಮೂರರಲ್ಲೂ ಕಾಣುತ್ತಿತ್ತು. ಮೂರು ಕಡೆ ಬ್ಯಾಕಪ್ ಇದೆಯಲ್ಲ ಎಂದುಕೊಂಡು, ಜಾಗ ಸಾಲದೆ ಬಂದಾಗ ನನ್ನ ಲ್ಯಾಪ್‌ಟಾಪ್‌ನಿಂದ ಅದನ್ನು ಅಳಿಸಿ `Recycle Bin` ಅನ್ನೂ ಖಾಲಿ ಮಾಡಿದೆ. ಈಗ ಫೋನಿನಲ್ಲೂ ಇಲ್ಲ. ಅಳಿಸಿ 18 ದಿನವಾಯಿತು. ಮಗ ರಜೆಯ ಮೇಲೆ ಊರಿಗೆ ಬಂದು ತಿಂಗಳಾಗಿದೆ, ಅವನ ಲ್ಯಾಪ್‌ಟಾಪ್ ಪುಣೆಯಲ್ಲೇ ಮುಚ್ಚಿಟ್ಟಿದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಏಕೆ ಹೋಗಬೇಕು? ಮರಳಿ ಸಿಗಬಹುದೆ?

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ದಿನಗಳ ಲೆಕ್ಕ ನಡೆಯುತ್ತಿದೆ. ಆದ್ದರಿಂದ ಕಾರಣಗಳನ್ನು ಆಮೇಲೆ ನೋಡೋಣ, ಮೊದಲು ಮಾಡಬೇಕಾದದ್ದನ್ನು ಹೇಳುತ್ತೇನೆ.

ನೀವು ಖಾಲಿ ಮಾಡಿದ್ದು ನಿಮ್ಮ ಲ್ಯಾಪ್‌ಟಾಪ್‌ನ ಕಸದ ಬುಟ್ಟಿಯನ್ನು ಮಾತ್ರ. ಕ್ಲೌಡ್ ಸೇವೆಗೆ ತನ್ನದೇ ಆದ ಇನ್ನೊಂದು ಬುಟ್ಟಿ ಇರುತ್ತದೆ. ಕಂಪ್ಯೂಟರಿನದು ಖಾಲಿಯಾದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ. ನೀವು ಸೇವೆಯ ಹೆಸರನ್ನು ಬರೆದಿಲ್ಲ, ಆದರೆ ಗೂಗಲ್ ಡ್ರೈವ್, ವೈಯಕ್ತಿಕ ಖಾತೆಯ ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆ, ಐಕ್ಲೌಡ್ ಡ್ರೈವ್ ಈ ನಾಲ್ಕರಲ್ಲಿಯೂ ಅಳಿಸಿದ ಫೈಲು 30 ದಿನ ಉಳಿಯುತ್ತದೆ. 18 ದಿನ ಕಳೆದಿದ್ದರೆ ನಿಮ್ಮ ಕೈಯಲ್ಲಿ ಇನ್ನು ಸುಮಾರು 12 ದಿನಗಳಿವೆ. ಬ್ರೌಸರ್ ತೆರೆದು ಆ ಸೇವೆಯ ಜಾಲತಾಣಕ್ಕೇ ನೇರವಾಗಿ ಹೋಗಿ, ಅದೇ ಖಾತೆಯಿಂದ ಒಳಹೊಕ್ಕು, `Trash`, `Recycle bin`, `Deleted files` ಅಥವಾ `Recently Deleted` ಎಂಬ ಹೆಸರಿನ ಜಾಗವನ್ನು ಹುಡುಕಿ. ಅಲ್ಲಿ ಫೋಲ್ಡರ್ ಕಂಡರೆ ಅದನ್ನು ಆಯ್ದು `Restore` ಒತ್ತಬೇಕು. ಅದಕ್ಕೂ ಮೊದಲು ಒಂದು ಎಚ್ಚರಿಕೆ: ಖಾತೆಯಲ್ಲಿ ಜಾಗ ಕಡಿಮೆಯಿದೆ ಎಂಬ ಸೂಚನೆ ಕಂಡು ಆ ಬುಟ್ಟಿಯನ್ನು ಖಾಲಿ ಮಾಡಿಬಿಡಬೇಡಿ. ಗೂಗಲ್ ಡ್ರೈವ್‌ನಲ್ಲಿ ಬುಟ್ಟಿಯಲ್ಲಿರುವುದೂ ಜಾಗದ ಲೆಕ್ಕಕ್ಕೆ ಸೇರುವುದರಿಂದ ಅನೇಕರು ಇದೇ ಹಂತದಲ್ಲಿ ಎಡವುತ್ತಾರೆ. ಅಲ್ಲಿ 2020ರ ಅಕ್ಟೋಬರಿನ ಮೊದಲು, ನಾವಾಗಿ ಖಾಲಿ ಮಾಡುವವರೆಗೆ ಫೈಲುಗಳು ಬುಟ್ಟಿಯಲ್ಲೇ ಇರುತ್ತಿದ್ದವು. ಆ ಕಾಲದ ಅನುಭವದ ಮೇಲೆ ಯಾರಾದರೂ ‘ಅಲ್ಲೇ ಇರುತ್ತದೆ, ನಿಧಾನವಾಗಿ ತೆಗೆದರಾಯಿತು’ ಎಂದು ಹೇಳಿದರೆ ನಂಬಬೇಡಿ.

ಮರಳಿಸುವ ಮುನ್ನ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಿಂಕ್ ಅನ್ನು, ಅಂದರೆ ಕ್ಲೌಡ್ ಮತ್ತು ಸಾಧನಗಳ ನಡುವೆ ಫೈಲುಗಳನ್ನು ತಾನಾಗಿ ಸರಿಹೊಂದಿಸುವ ಕೆಲಸವನ್ನು, ತಾತ್ಕಾಲಿಕವಾಗಿ ನಿಲ್ಲಿಸಿಕೊಳ್ಳಿ. ಇಲ್ಲವಾದರೆ ಕ್ಲೌಡ್‌ಗೆ ಬಂದ 38 ಜಿಬಿ ಮತ್ತೆ ಆ ತುಂಬಿದ ಡಿಸ್ಕಿಗೇ ಇಳಿಯತೊಡಗುತ್ತದೆ.

ಇನ್ನು ಪುಣೆಯ ಲ್ಯಾಪ್‌ಟಾಪ್. ಅದು ಅಳಿಸುವ ಮೊದಲಿನಿಂದಲೂ ಮುಚ್ಚಿದೆ ಎಂದರೆ, ಅಳಿಸಿದ ಸುದ್ದಿ ಅದಕ್ಕೆ ಇನ್ನೂ ತಲುಪಿಲ್ಲ. ಫೈಲುಗಳು ನಿಜವಾಗಿ ಆ ಡಿಸ್ಕಿನಲ್ಲಿ ಇದ್ದಿದ್ದರೆ ಈಗಲೂ ಇರುತ್ತವೆ. ಆದರೆ ಅದನ್ನು ಎಂದಿನಂತೆ ತೆರೆದು, ಅದು ತಾನಾಗಿ ಪರಿಚಿತ ವೈ-ಫೈಗೆ ಸೇರಿಕೊಂಡರೆ, ಕೆಲವೇ ನಿಮಿಷಗಳಲ್ಲಿ ಅಲ್ಲಿಂದಲೂ ಅಳಿಸಿಹೋಗಬಹುದು. ಆದ್ದರಿಂದ ಮಗ ಪುಣೆಗೆ ಮರಳಿದ ಮೇಲೆ ಮೊದಲು ಕೋಣೆಯ ವೈ-ಫೈ ರೂಟರನ್ನು ಆರಿಸಿ, ಆಮೇಲೆ ಲ್ಯಾಪ್‌ಟಾಪ್ ತೆರೆದು, ಆ ಫೋಲ್ಡರನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ನಕಲು ಮಾಡಬೇಕು. ನಕಲಾದ ಫೈಲುಗಳಲ್ಲಿ ನಾಲ್ಕಾರನ್ನು ತೆರೆದು ನೋಡಿ, ಡಿಸ್ಕನ್ನು ಬಿಚ್ಚಿದ ಮೇಲಷ್ಟೆ ಅಂತರ್ಜಾಲಕ್ಕೆ ಸೇರಿಸಬಹುದು. ಕ್ಲೌಡ್‌ನ ಬುಟ್ಟಿಯಿಂದ ಎಲ್ಲವೂ ಸರಿಯಾಗಿ ಮರಳಿದೆ ಎಂದು ನಿಮಗೆ ಖಾತ್ರಿಯಾದರೂ ಈ ನಕಲನ್ನು ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಕ್ಷಣದಲ್ಲಿ ನಿಮ್ಮ ಬಳಿ ಬ್ಯಾಕಪ್ ಎನ್ನಬಹುದಾದದ್ದು ಏನಾದರೂ ಇದ್ದರೆ, ಆಕಸ್ಮಿಕವಾಗಿ, ಆ ಮುಚ್ಚಿಟ್ಟ ಲ್ಯಾಪ್‌ಟಾಪ್ ಮಾತ್ರ.

ಈಗ ಏಕೆ ಎಂಬ ಪ್ರಶ್ನೆಗೆ ಬರೋಣ. ಸಿಂಕ್ ಮಾಡುವ ತಂತ್ರಾಂಶಕ್ಕೆ ಇರುವುದು ಒಂದೇ ಕೆಲಸ: ಎಲ್ಲ ಸಾಧನಗಳಲ್ಲೂ ಆ ಫೋಲ್ಡರ್ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ಹೊಸ ಫೈಲು ಬಂದರೆ ಎಲ್ಲ ಕಡೆಗೂ ಕಳಿಸುವುದು ಸುಲಭ. ಕಷ್ಟವಿರುವುದು ಇಲ್ಲದಿರುವ ಫೈಲಿನ ವಿಷಯದಲ್ಲಿ. ‘ಕ್ರಯಪತ್ರ 1974’ ಎಂಬ ಫೈಲು ಕ್ಲೌಡ್‌ನಲ್ಲಿದೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲ ಎಂದುಕೊಳ್ಳಿ. ಇದಕ್ಕೆ ಎರಡು ಅರ್ಥಗಳಿರಬಹುದು. ಮಗ ಅದನ್ನು ಈಗಷ್ಟೆ ಪುಣೆಯಿಂದ ಸೇರಿಸಿದ್ದು, ನಿಮ್ಮಲ್ಲಿಗೆ ಇನ್ನೂ ಇಳಿದಿಲ್ಲದಿರಬಹುದು. ಅಥವಾ ನಿಮ್ಮಲ್ಲಿದ್ದದ್ದನ್ನು ನೀವು ಅಳಿಸಿರಬಹುದು. ಎರಡೂ ಕಡೆಯ ಫೋಲ್ಡರುಗಳನ್ನು ಅಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದರೂ ಇವೆರಡರಲ್ಲಿ ಯಾವುದು ನಡೆದದ್ದು ಎಂದು ತಿಳಿಯುವುದಿಲ್ಲ.

ನೀವು ಶಿಕ್ಷಕರಾದ್ದರಿಂದ ಇದಕ್ಕೆ ಕಂಡುಕೊಂಡ ಪರಿಹಾರ ನಿಮಗೆ ಹೊಸದೆನಿಸಲಾರದು, ಅದು ಹಾಜರಿ ಪುಸ್ತಕ. ಪುಸ್ತಕದಲ್ಲಿ ಹೆಸರಿದ್ದು ತರಗತಿಯಲ್ಲಿ ಹುಡುಗ ಕಾಣದಿದ್ದರೆ ಅವನು ಇದ್ದವನು, ಹೋಗಿದ್ದಾನೆ. ತರಗತಿಯಲ್ಲಿ ಹುಡುಗನಿದ್ದು ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅವನು ಹೊಸದಾಗಿ ಸೇರಿದವನು. ಸಿಂಕ್ ತಂತ್ರಾಂಶವೂ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇಂಥದೇ ಪುಸ್ತಕವನ್ನು ಇಟ್ಟುಕೊಂಡಿರುತ್ತದೆ. ಕಳೆದ ಬಾರಿ ಎರಡೂ ಕಡೆ ಸರಿಹೊಂದಿದಾಗ ಯಾವ ಯಾವ ಫೈಲುಗಳಿದ್ದವು ಎಂಬ ಪಟ್ಟಿ ಅದು. ಡ್ರಾಪ್‌ಬಾಕ್ಸ್‌ನ ಎಂಜಿನಿಯರುಗಳು 2020ರಲ್ಲಿ ತಮ್ಮ ಹೊಸ ಸಿಂಕ್ ವ್ಯವಸ್ಥೆಯನ್ನು ವಿವರಿಸುವಾಗ ಇದನ್ನು ಮೂರು ಮರಗಳೆಂದು ಕರೆದಿದ್ದರು: ಕ್ಲೌಡ್‌ನಲ್ಲಿ ಈಗ ಇರುವುದು ಒಂದು ಮರ, ಈ ಸಾಧನದಲ್ಲಿ ಈಗ ಇರುವುದು ಇನ್ನೊಂದು, ಕಳೆದ ಬಾರಿ ಒಪ್ಪಿಗೆಯಾದದ್ದು ಮೂರನೆಯದು.

ನಿಮ್ಮ ಫೋಲ್ಡರಿನಲ್ಲಿ ನಡೆದದ್ದನ್ನು ಈ ಲೆಕ್ಕದಲ್ಲಿಯೇ ನೋಡಿ. ಅಳಿಸುವ ಹಿಂದಿನ ಸಂಜೆ ‘ಕ್ರಯಪತ್ರ 1974’ ಕ್ಲೌಡ್‌ನಲ್ಲಿತ್ತು, ಲ್ಯಾಪ್‌ಟಾಪ್‌ನಲ್ಲಿತ್ತು, ಲ್ಯಾಪ್‌ಟಾಪ್‌ನ ಪಟ್ಟಿಯಲ್ಲೂ ಇತ್ತು. ಮರುದಿನ ನೀವು ಅಳಿಸಿದಿರಿ. ತಂತ್ರಾಂಶ ನೋಡಿದಾಗ ಫೈಲು ಕ್ಲೌಡ್‌ನಲ್ಲಿದೆ, ಪಟ್ಟಿಯಲ್ಲೂ ಇದೆ, ಡಿಸ್ಕಿನಲ್ಲಿ ಮಾತ್ರ ಇಲ್ಲ. ಪಟ್ಟಿಯಲ್ಲಿ ಹೆಸರಿರುವುದರಿಂದ ಇದು ಹೊಸ ಫೈಲಲ್ಲ, ಹಾಗಾದರೆ ಮಾಲೀಕರೇ ತೆಗೆದಿದ್ದಾರೆ ಎಂದು ಅದು ತೀರ್ಮಾನಿಸಿತು. ಕ್ಲೌಡ್‌ಗೆ ‘ಇದನ್ನು ತೆಗೆಯಿರಿ’ ಎಂಬ ಸಂದೇಶ ಹೋಯಿತು, ಅಲ್ಲಿ ಫೈಲು ಬುಟ್ಟಿಗೆ ಸೇರಿತು, ಲ್ಯಾಪ್‌ಟಾಪ್‌ನ ಪಟ್ಟಿಯಿಂದಲೂ ಹೆಸರು ಹೊಡೆದುಹೋಯಿತು. ಮುಂದೆ ಫೋನು ಕ್ಲೌಡ್‌ನ ಪಟ್ಟಿಯನ್ನು ಕೇಳಿದಾಗ ಅದರಲ್ಲಿ ಆ ಹೆಸರೇ ಇರಲಿಲ್ಲ. ಪುಣೆಯ ಲ್ಯಾಪ್‌ಟಾಪ್ ತೆರೆದ ದಿನವೂ ಇದೇ ನಡೆಯುತ್ತದೆ, ದಿಕ್ಕು ಮಾತ್ರ ತಿರುಗುಮುರುಗು: ಡಿಸ್ಕಿನಲ್ಲಿದೆ, ಅಲ್ಲಿನ ಪಟ್ಟಿಯಲ್ಲಿದೆ, ಕ್ಲೌಡ್‌ನಲ್ಲಿ ಇಲ್ಲ. ಆದ್ದರಿಂದ ಬೇರೆಲ್ಲೋ ತೆಗೆದಿದ್ದಾರೆ, ಇಲ್ಲಿಯೂ ತೆಗೆಯಬೇಕು ಎಂದು ಅದು ಅರ್ಥಮಾಡಿಕೊಳ್ಳುತ್ತದೆ.

ಅಂದರೆ ಸಿಂಕ್‌ನ ದೃಷ್ಟಿಯಲ್ಲಿ ಅಳಿಸುವುದು ಕೂಡ, ಹೊಸದನ್ನು ಬರೆಯುವಷ್ಟೇ ಮಾನ್ಯವಾದ ಒಂದು ತಿದ್ದುಪಡಿ. ನೀವು ಜಾಗಕ್ಕಾಗಿ ಅಳಿಸಿದಿರೋ, ಬೇಡವೆಂದು ಅಳಿಸಿದಿರೋ, ಮೊಮ್ಮಗುವಿನ ಕೈ ತಾಗಿ ಅಳಿಸಿತೋ ಎಂಬುದನ್ನು ಅದು ಕೇಳುವುದಿಲ್ಲ, ತಿಳಿಯುವ ದಾರಿಯೂ ಅದಕ್ಕಿಲ್ಲ. ‘ಅಳಿಸಿದ್ದನ್ನು ಮಾತ್ರ ಎಲ್ಲ ಕಡೆಗೆ ಕಳಿಸದೆ ಬಿಡಬಾರದಿತ್ತೆ?’ ಎಂದು ನಿಮಗೆ ಅನ್ನಿಸಬಹುದು. ಹಾಗೆ ಮಾಡಿದರೆ ಏನಾಗುತ್ತಿತ್ತು ಎಂದರೆ, ನೀವು ಇಂದು ನಿಜವಾಗಿಯೂ ಬೇಡವೆಂದು ತೆಗೆದ ಫೈಲು ನಾಳೆ ಬೆಳಿಗ್ಗೆ ಕ್ಲೌಡ್‌ನಿಂದ ಮತ್ತೆ ಇಳಿದು ಬರುತ್ತಿತ್ತು, ಎಷ್ಟು ಸಲ ತೆಗೆದರೂ ಬರುತ್ತಿತ್ತು. ಫೋಲ್ಡರಿನ ಹೆಸರು ಬದಲಿಸಿದರೆ ಹಳೆಯ ಹೆಸರಿನದೂ ಹೊಸ ಹೆಸರಿನದೂ ಎರಡೂ ಉಳಿಯುತ್ತಿದ್ದವು. ಆದ್ದರಿಂದ ಇದನ್ನು ದೋಷವೆನ್ನಲಾಗದು. ದೋಷವಿರುವುದು, ನನ್ನ ಅಭಿಪ್ರಾಯದಲ್ಲಿ, ಇಂಥ ವ್ಯವಸ್ಥೆಗಳ ಗುಂಡಿಗಳ ಮೇಲೆ ನಿಸ್ಸಂಕೋಚವಾಗಿ `Backup` ಎಂದು ಬರೆಯುವ ರೂಢಿಯಲ್ಲಿ.

ನಿಮ್ಮ ‘ಮೂರು ಕಡೆ’ ಎಂಬ ಎಣಿಕೆಯನ್ನೂ ಸ್ವಲ್ಪ ಪರಿಶೀಲಿಸಬೇಕು. ಫೋನಿನ ಆಪ್ ಸಾಮಾನ್ಯವಾಗಿ ಫೈಲುಗಳ ಪಟ್ಟಿಯನ್ನಷ್ಟೆ ತೋರಿಸುತ್ತದೆ, ಒಂದನ್ನು ಮುಟ್ಟಿದಾಗ ಮಾತ್ರ ಅದನ್ನು ಕ್ಲೌಡ್‌ನಿಂದ ತರಿಸುತ್ತದೆ. ಹಾಗಾಗಿ ಫೋನಿನಲ್ಲಿ ಬಹುಶಃ ಪ್ರತಿಯೇ ಇರಲಿಲ್ಲ. ಮಗನ ಲ್ಯಾಪ್‌ಟಾಪ್‌ನಲ್ಲೂ, ಹೆಸರುಗಳ ಪಕ್ಕದಲ್ಲಿ ಪುಟ್ಟ ಮೋಡದ ಗುರುತು ಇರುತ್ತಿದ್ದರೆ, ಅವು ಒಳಗೇನೂ ಇಲ್ಲದ ಬರಿಯ ಹೆಸರುಗಳು. ಒನ್‌ಡ್ರೈವ್‌ನಲ್ಲಿ ಇದು `Files On-Demand`, ಗೂಗಲ್ ಡ್ರೈವ್‌ನ ಕಂಪ್ಯೂಟರ್ ತಂತ್ರಾಂಶದಲ್ಲಿ `Stream files`. ಹಾಗಿದ್ದರೆ ರೂಟರ್ ಆರಿಸುವ ಉಪಾಯ ಫಲಿಸುವುದಿಲ್ಲ, ಕ್ಲೌಡ್‌ನ ಬುಟ್ಟಿಯೊಂದೇ ದಾರಿ. ಈ ಕಾರಣಕ್ಕಾಗಿಯೇ ಪುಣೆಯ ಲ್ಯಾಪ್‌ಟಾಪ್‌ಗೆ ಕಾಯದೆ ಮೊದಲು ಬುಟ್ಟಿಯನ್ನು ನೋಡಿ ಎಂದು ಹೇಳಿದ್ದು.

ಅಳಿಸಿದ್ದು ಕಣ್ಣಿಗೆ ಕಾಣುತ್ತದೆ. ಕಾಣದೆ ಹೋಗುವ ನಷ್ಟ ಇನ್ನೊಂದಿದೆ. ಹಿಂದೆ ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಒಂದು ಚಿಕ್ಕ ಕಚೇರಿಯಲ್ಲಿ ಸದಸ್ಯರ ವಂತಿಗೆಯ ಲೆಕ್ಕ ಒಂದು ಎಕ್ಸೆಲ್ ಫೈಲಿನಲ್ಲಿತ್ತು, ಸಿಂಕ್ ಆಗುವ ಫೋಲ್ಡರಿನಲ್ಲಿ. ಯಾರೋ ಹೆಸರುಗಳ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿ ಸೇವ್ ಮಾಡಿದ್ದರು. ಹೆಸರುಗಳು ಮೇಲೆ ಕೆಳಗೆ ಸರಿದವು, ಮೊತ್ತಗಳು ಇದ್ದಲ್ಲೇ ಉಳಿದವು, ಒಬ್ಬರ ಹಣ ಇನ್ನೊಬ್ಬರ ಹೆಸರಿಗೆ ಸೇರಿತು. ಸಿಂಕ್ ಆ ಕೆಟ್ಟ ಫೈಲನ್ನು ನಿಷ್ಠೆಯಿಂದ ನಾಲ್ಕೂ ಕಂಪ್ಯೂಟರುಗಳಿಗೆ ಮುಟ್ಟಿಸಿತು. ಗೊತ್ತಾದದ್ದು ವರ್ಷದ ಕೊನೆಯಲ್ಲಿ, ಅಷ್ಟರಲ್ಲಿ ಹಲವು ತಿಂಗಳುಗಳಾಗಿದ್ದವು. ಏನೂ ಅಳಿಸಿರಲಿಲ್ಲವಾದ್ದರಿಂದ ಬುಟ್ಟಿಯಲ್ಲಿ ಹುಡುಕುವಂಥದ್ದೇನೂ ಇರಲಿಲ್ಲ. ಹಳೆಯ ಆವೃತ್ತಿಗಳನ್ನು ಆ ಸೇವೆ ಇಟ್ಟುಕೊಳ್ಳುವ ಅವಧಿಯೂ ಮುಗಿದಿತ್ತು. ಕೊನೆಗೆ ನೆರವಾದದ್ದು ಕಪಾಟಿನಲ್ಲಿ ಬಿದ್ದಿದ್ದ, ಆರು ತಿಂಗಳ ಹಿಂದಿನ ಪ್ರತಿಯಿದ್ದ ಒಂದು ಹಾರ್ಡ್ ಡಿಸ್ಕ್. ಅದರಿಂದ ಶುರು ಮಾಡಿ, ರಸೀದಿ ಪುಸ್ತಕ ನೋಡಿ ಉಳಿದದ್ದನ್ನು ಕೈಯಲ್ಲಿ ತುಂಬಿದೆವು.

ಬ್ಯಾಕಪ್ ಎಂದರೆ ಏನು ಎಂಬುದಕ್ಕೆ ಆ ಕಪಾಟಿನ ಡಿಸ್ಕೇ ಉತ್ತರ. ಅದು ಹಿಂದಿನ ಒಂದು ದಿನದ ಸ್ಥಿತಿಯನ್ನು ಹಿಡಿದಿಟ್ಟುಕೊಂಡಿತ್ತು, ಮತ್ತು ಮೂಲದಲ್ಲಿ ಏನು ನಡೆದರೂ ಅದು ಕದಲಲಿಲ್ಲ. ಈ ಎರಡು ಗುಣಗಳೂ ಇದ್ದರೆ ಬ್ಯಾಕಪ್, ಯಾವುದೊಂದು ಇಲ್ಲದಿದ್ದರೂ ಅಲ್ಲ. ಕ್ಲೌಡ್ ಬುಟ್ಟಿಯಲ್ಲಿ ಹಿಂದಿನದು ಇರುತ್ತದೆ, ಆದರೆ 30 ದಿನ ಮಾತ್ರ. ಗೂಗಲ್ ಡ್ರೈವ್ ಪಿಡಿಎಫ್, ಎಕ್ಸೆಲ್ ಮುಂತಾದ ಫೈಲುಗಳ ಹಳೆಯ ಆವೃತ್ತಿಗಳನ್ನೂ ಸಾಮಾನ್ಯವಾಗಿ 30 ದಿನ ಅಥವಾ 100 ಆವೃತ್ತಿಗಳವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ವರ್ಷಕ್ಕೊಮ್ಮೆ ತೆರೆದು ನೋಡುವ ಕ್ರಯಪತ್ರಕ್ಕೆ 30 ದಿನ ಎಂಬುದು ಏನೇನೂ ಅಲ್ಲ.

ಇಲ್ಲಿ ಕ್ಲೌಡ್ ಅಥವಾ ಹಾರ್ಡ್ ಡಿಸ್ಕ್ ಎಂಬುದು ಮುಖ್ಯವಲ್ಲ ಎಂಬುದನ್ನೂ ಗಮನಿಸಬೇಕು. ಹಾರ್ಡ್ ಡಿಸ್ಕಿಗೂ ಸಿಂಕ್ ಮಾಡಬಹುದು, ಆಗ ಅದೂ ಅಷ್ಟೇ ಅಪಾಯಕಾರಿ. ವಿಂಡೋಸ್‌ನಲ್ಲಿರುವ `robocopy` ಎಂಬ ಒಂದೇ ಆದೇಶವನ್ನು ಎರಡು ರೀತಿಯಲ್ಲಿ ಬರೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ:

```
robocopy D:\ManeKagada E:\ManeKagada /MIR
robocopy D:\ManeKagada E:\2025-07-06 /E
```

ಮೊದಲನೆಯದರಲ್ಲಿರುವ `/MIR` ಎಂದರೆ ಕನ್ನಡಿ. `D:` ಡಿಸ್ಕಿನಲ್ಲಿ ಇಲ್ಲದ್ದನ್ನೆಲ್ಲ ಅದು `E:` ಡಿಸ್ಕಿನಿಂದಲೂ ತೆಗೆದುಹಾಕುತ್ತದೆ, ಅದೂ ಯಾವ ಬುಟ್ಟಿಗೂ ಹಾಕದೆ. ನೀವು ಮೂಲ ಫೋಲ್ಡರನ್ನು ಖಾಲಿ ಮಾಡಿದ ಮೇಲೆ ಇದನ್ನು ಒಮ್ಮೆ ಓಡಿಸಿದರೆ ಕಪಾಟಿನ ಪ್ರತಿಯೂ ಖಾಲಿ. ಎರಡನೆಯದು ದಿನಾಂಕದ ಹೆಸರಿನ ಹೊಸ ಫೋಲ್ಡರಿಗೆ ಎಲ್ಲವನ್ನೂ ನಕಲು ಮಾಡಿ ಸುಮ್ಮನಾಗುತ್ತದೆ, ಹಿಂದಿನ ದಿನಾಂಕಗಳ ಫೋಲ್ಡರುಗಳನ್ನು ಮುಟ್ಟುವುದಿಲ್ಲ. ನಿಮ್ಮ 38 ಜಿಬಿಯನ್ನು ತಿಂಗಳಿಗೊಮ್ಮೆ ಹೀಗೆ ಇಡೀಯಾಗಿ ನಕಲು ಮಾಡಿದರೂ 1 ಟಿಬಿಯ ಡಿಸ್ಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ತಿಂಗಳ ಪ್ರತಿಗಳು ಹಿಡಿಯುತ್ತವೆ. ಆದೇಶ ಬರೆಯುವ ಗೋಜು ಬೇಡವೆಂದರೆ, ದಿನಾಂಕದ ಹೆಸರಿಟ್ಟ ಫೋಲ್ಡರ್ ಮಾಡಿ ಮೌಸ್‌ನಿಂದ ನಕಲಿಸಿದರೂ ಫಲ ಒಂದೇ.

ವಿಂಡೋಸ್‌ನ `File History` ಇದೇ ಕೆಲಸವನ್ನು ತಾನಾಗಿ ಮಾಡುತ್ತದೆ. ಆನ್ ಮಾಡಿ ಡಿಸ್ಕನ್ನು ತೋರಿಸಿದರೆ, ಡಿಸ್ಕ್ ಸಿಕ್ಕಿಸಿರುವಾಗಲೆಲ್ಲ ಗಂಟೆಗೊಮ್ಮೆ ಬದಲಾದ ಫೈಲುಗಳನ್ನು ಸಮಯದ ಗುರುತಿನೊಂದಿಗೆ ಇಟ್ಟುಕೊಳ್ಳುತ್ತದೆ. ಆದರೆ ಮೋಡದ ಗುರುತಿನ, ಆನ್‌ಲೈನಿನಲ್ಲಷ್ಟೆ ಇರುವ ಫೈಲುಗಳನ್ನು ಅದು ನಕಲು ಮಾಡುವುದಿಲ್ಲ, ಏಕೆಂದರೆ ನಕಲು ಮಾಡಲು ಅಲ್ಲಿ ಏನೂ ಇರುವುದಿಲ್ಲ. ಬ್ಯಾಕಪ್ ನಡೆಯುತ್ತಿದೆ ಎಂಬ ಸೂಚನೆ ಬರುತ್ತಲೇ ಇದ್ದು, ಮುಖ್ಯ ಫೋಲ್ಡರೇ ಅದರಲ್ಲಿ ಸೇರಿಲ್ಲದ ಪ್ರಸಂಗಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಆದ್ದರಿಂದ ಬ್ಯಾಕಪ್ ಮಾಡುವ ಒಂದು ಯಂತ್ರದಲ್ಲಾದರೂ ಆ ಫೋಲ್ಡರನ್ನು `Always keep on this device` ಎಂದು, ಗೂಗಲ್‌ನಲ್ಲಾದರೆ `Available offline` ಎಂದು ಗುರುತು ಮಾಡಿ ಪೂರ್ತಿ ಇಳಿಸಿಕೊಂಡಿರಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಜಾಗವಿಲ್ಲವಾದ್ದರಿಂದ ಈ ಕೆಲಸಕ್ಕೆ ಮಗನದೇ ಸೂಕ್ತ.

ನಿಮ್ಮ ಮೂಲ ತೊಂದರೆ ಜಾಗದ್ದು, ಅದಕ್ಕೆ ಅಳಿಸುವುದು ಮದ್ದಲ್ಲ. ಒನ್‌ಡ್ರೈವ್‌ನಲ್ಲಿ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿದರೆ `Free up space` ಎಂಬ ಆಯ್ಕೆ ಇರುತ್ತದೆ, ಡ್ರಾಪ್‌ಬಾಕ್ಸ್‌ನಲ್ಲಿ ಅದಕ್ಕೆ `Make online-only` ಎನ್ನುತ್ತಾರೆ, ಗೂಗಲ್ ಡ್ರೈವ್‌ನಲ್ಲಿ `Mirror files` ಬದಲು `Stream files` ಆಯ್ದುಕೊಳ್ಳಬೇಕು. ಇವೆಲ್ಲ ಹೇಳುವುದು ‘ಈ ಯಂತ್ರದ ಪ್ರತಿಯನ್ನು ಮಾತ್ರ ತೆಗೆ, ಫೈಲನ್ನಲ್ಲ’ ಎಂದು, ಹಾಗಾಗಿ ಹಾಜರಿ ಪುಸ್ತಕದಲ್ಲಿ ಹೆಸರು ಹಾಗೆಯೇ ಇರುತ್ತದೆ. `Delete` ಹೇಳುವುದು ಫೈಲೇ ಬೇಡ ಎಂದು. ಫೋನಿನ ಗೂಗಲ್ ಫೋಟೋಸ್‌ನಲ್ಲಿಯೂ ಇದೇ ಭೇದವಿದೆ: `Free up space` ಫೋನಿನ ಪ್ರತಿಗಳನ್ನಷ್ಟೆ ತೆಗೆಯುತ್ತದೆ, ಬುಟ್ಟಿಯ ಚಿತ್ರವನ್ನು ಒತ್ತಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಚಿತ್ರಗಳು ಅಲ್ಲಿ 60 ದಿನ ಬುಟ್ಟಿಯಲ್ಲಿರುತ್ತವೆ.

ಇನ್ನು ಮುಂದೆ ಯಾರಾದರೂ ಯಾವುದನ್ನಾದರೂ ಬ್ಯಾಕಪ್ ಎಂದು ತೋರಿಸಿದಾಗ ಒಂದು ಪರೀಕ್ಷೆ ಮಾಡಿ ನೋಡಬಹುದು. ಆ ಫೋಲ್ಡರಿನಲ್ಲಿ `pariksha.txt` ಎಂಬ ಫೈಲು ಮಾಡಿ ‘ಒಂದು’ ಎಂದು ಬರೆದು ಸೇವ್ ಮಾಡಿ, ಅದು ಆ ಕಡೆಗೆ ತಲುಪುವವರೆಗೆ ಕಾಯಿರಿ. ಮರುದಿನ ಅದನ್ನು ‘ಎರಡು’ ಎಂದು ತಿದ್ದಿ. ಅದರ ಮರುದಿನ ಅಳಿಸಿಬಿಡಿ. ಎರಡು ತಿಂಗಳು ಬಿಟ್ಟು, ಬೇರೊಂದು ಕಂಪ್ಯೂಟರಿನಿಂದ ಆ ‘ಬ್ಯಾಕಪ್’ ಅನ್ನು ತೆರೆದು, ‘ಒಂದು’ ಎಂದು ಬರೆದಿದ್ದ ಫೈಲನ್ನು ಹೊರತೆಗೆಯಲು ಪ್ರಯತ್ನಿಸಿ. ಫೈಲೇ ಸಿಗದಿದ್ದರೆ ಅದು ಸಿಂಕ್. ‘ಎರಡು’ ಮಾತ್ರ ಸಿಕ್ಕರೆ ಅಳಿಸುವುದರಿಂದ ರಕ್ಷಣೆಯಿದೆ, ಆ ಕಚೇರಿಯ ಎಕ್ಸೆಲ್‌ನಂಥ ತಪ್ಪಿನಿಂದ ಇಲ್ಲ. ತಿಂಗಳಿಗೊಮ್ಮೆ ನಕಲಿಸುವ ಡಿಸ್ಕಾದರೆ ‘ಒಂದು’ ಬರೆದ ದಿನವೂ ‘ಎರಡು’ ಬರೆದ ದಿನವೂ ಒಂದೊಂದು ನಕಲು ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಎರಡು ನಕಲುಗಳ ನಡುವೆ ಹುಟ್ಟಿ ಸತ್ತ ಫೈಲು ಅದರಲ್ಲಿ ಇರುವುದಿಲ್ಲ, ಅದು ಡಿಸ್ಕಿನ ತಪ್ಪೂ ಅಲ್ಲ.

ಬುಟ್ಟಿಯಲ್ಲಿ ಫೋಲ್ಡರ್ ಸಿಕ್ಕಿತೆ ಎಂಬುದನ್ನು ತಿಳಿಸಿ. ಇಡೀ ಫೋಲ್ಡರಿನ ಹೆಸರು ಕಾಣದೆ ಬಿಡಿ ಫೈಲುಗಳಾಗಿ ಚದುರಿ ಕಂಡರೆ ಗಾಬರಿಯಾಗಬೇಡಿ, ಅಳಿಸಿದ ದಿನಾಂಕದ ಪ್ರಕಾರ ಜೋಡಿಸಿದರೆ ಆ 18 ದಿನಗಳ ಹಿಂದಿನವೆಲ್ಲ ಒಂದೇ ಕಡೆ ಬರುತ್ತವೆ, ಆಗ ಒಟ್ಟಿಗೆ ಆಯ್ದು ಮರಳಿಸಬಹುದು.